ನಡಾವಳಿ ಪುಸ್ತಕದಿಂದ ನಿರ್ಣಯಗಳ ಪಟ್ಟಿಗೆ

ನಮ್ಮ ವಸತಿ ಸಂಘದ ಸಭೆಯ 11 ಪುಟಗಳ ಕೈಬರಹದ ನಡಾವಳಿಯನ್ನು ನಾನು ಮೊದಲ ಸಲ ಸಂಕ್ಷೇಪಿಸಿದಾಗ, ಬರೀ ಚರ್ಚೆಯಾದದ್ದೂ ನಿರ್ಣಯವೆಂದೇ ಪಟ್ಟಿಗೆ ಸೇರಿಬಿಟ್ಟಿತ್ತು. ಎರಡನೆಯ ಸಲ ಕ್ರಿಯಾಪದಗಳನ್ನು ಹಿಡಿದು ಓದಿದೆ: ‘ತೀರ್ಮಾನಿಸಲಾಯಿತು’, ‘ಅನುಮೋದಿಸಲಾಯಿತು’ ಎಂದಿದ್ದ ಸಾಲುಗಳಿಗೆ ಮಾತ್ರ ಅಡಿಗೆರೆ ಎಳೆದು, ‘ಚರ್ಚಿಸಲಾಯಿತು’ ಎಂದಿದ್ದವನ್ನು ಬಿಟ್ಟೆ. ಆದರೆ ಈ ಕರ್ಮಣಿ ಪ್ರಯೋಗವೇ ಹೊಣೆಗಾರರನ್ನು ಮರೆಮಾಡುತ್ತದೆ. ‘ನೀರಿನ ತೊಟ್ಟಿಯನ್ನು ಮುಂದಿನ ಸಭೆಯೊಳಗೆ ಶುಚಿಗೊಳಿಸಲು ತೀರ್ಮಾನಿಸಲಾಯಿತು’ ಎಂಬಲ್ಲಿ ವ್ಯಕ್ತಿಯೂ ಇರಲಿಲ್ಲ, ದಿನಾಂಕವೂ ಇರಲಿಲ್ಲ. ಹೊಣೆಯ ಅಂಕಣವನ್ನು ಊಹೆಯಿಂದ ತುಂಬದೆ ಖಾಲಿ ಬಿಟ್ಟು, ಅಧ್ಯಕ್ಷರನ್ನು ಕೇಳಿದ ಮೇಲೆಯೇ ಖಜಾಂಚಿಯವರ ಹೆಸರನ್ನು ಬರೆದೆ. ಮುಂದಿನ ಸಭೆ ಜೂನ್ 14ಕ್ಕೆ ನಿಗದಿಯಾಗಿದ್ದರಿಂದ ಗಡುವನ್ನು ಜೂನ್ 13 ಎಂದು ನಮೂದಿಸಿದೆ. ಪ್ರತಿ ನಿರ್ಣಯದ ಪಕ್ಕದಲ್ಲಿ ಮೂಲದ ಪುಟಸಂಖ್ಯೆಯನ್ನೂ ಸೇರಿಸಿದ್ದರಿಂದ, ಸದಸ್ಯರೊಬ್ಬರು ಆಕ್ಷೇಪಿಸಿದಾಗ 7ನೇ ಪುಟವನ್ನು ತೆರೆದು ತೋರಿಸಲು ಸಾಧ್ಯವಾಯಿತು.