ವಿದೇಶದ ಅಂಗಡಿಯಲ್ಲಿ ‘ರೂಪಾಯಿಯಾ, ಯೂರೊನಾ?’ ಎಂದು ಕೇಳಿದರೆ ಏನು ಹೇಳಬೇಕು?

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಮಗನನ್ನು ನೋಡಲು ಜರ್ಮನಿಯ ಮ್ಯೂನಿಕ್‌ಗೆ ಹೋಗಿ ಎರಡು ತಿಂಗಳು ಇದ್ದು ಬಂದರು. ಬಂದ ವಾರದಲ್ಲೇ ಕ್ರೆಡಿಟ್ ಕಾರ್ಡಿನ ಬಿಲ್ಲು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಾನು ಬ್ಯಾಂಕಿನಲ್ಲಿದ್ದು ನಿವೃತ್ತನಾದವನು, ಹಾಗಾಗಿ ಬೀದಿಯ ಬಿಲ್ಲುಗಳೆಲ್ಲ ಒಂದಲ್ಲ ಒಂದು ದಿನ ನಮ್ಮ ಜಗಲಿಗೆ ಬರುತ್ತವೆ.

“ನೋಡಿ ಅಣ್ಣಾ, ಎರಡು ಚಳಿ ಜಾಕೆಟ್ ತಗೊಂಡೆ. ಇನ್ನೂರು ಯೂರೊ. ಅಂಗಡಿಯಲ್ಲೇ ರೂಪಾಯಿ ಲೆಕ್ಕ ತೋರಿಸಿದ್ರು, ಒಪ್ಪಿಕೊಂಡೆ. ಇಲ್ಲಿ ನೋಡಿದ್ರೆ ಅದಕ್ಕಿಂತಲೂ ಜಾಸ್ತಿ ಹಿಡಿದಿದ್ದಾರೆ. ರೂಪಾಯಲ್ಲೇ ಕೊಟ್ಟ ಮೇಲೆ ಇನ್ಯಾವ ವಿದೇಶಿ ಚಾರ್ಜು?” ಎಂದು ಕೇಳಿದರು.

ಪುಣ್ಯಕ್ಕೆ ಅಂಗಡಿಯ ಚೀಟಿಯನ್ನು ಪರ್ಸಿನಲ್ಲಿ ಮಡಿಸಿ ಇಟ್ಟುಕೊಂಡಿದ್ದರು. ಶಾಖದಿಂದ ಅಚ್ಚಾಗುವ ಆ ನುಣುಪು ಕಾಗದದ ಅಕ್ಷರ ಅರ್ಧ ಮಾಸಿತ್ತು. ಕಿಟಕಿಯ ಬೆಳಕಿಗೆ ಹಿಡಿದಾಗ ನಾಲ್ಕು ಸಾಲು ಕಾಣಿಸಿತು: ಮೇಲೆ `EUR 200.00`, ಕೆಳಗೆ `INR 21,200.00`, ನಡುವೆ ವಿನಿಮಯ ದರ, ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ `Markup`. ಲೆಕ್ಕ ಸುಲಭವಾಗಲೆಂದು ದರಗಳನ್ನು ನಾನು ಇಲ್ಲಿ ದುಂಡಗೆ ಮಾಡಿದ್ದೇನೆ. ಆ ದಿನ ಒಂದು ಯೂರೊಗೆ ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲದ ದರ 100 ರೂಪಾಯಿ ಇತ್ತು ಎಂದು ಇಟ್ಟುಕೊಳ್ಳಿ. ಅಂಗಡಿಯ ಯಂತ್ರ ಹಾಕಿದ್ದು 106.

ಈ ಆರು ರೂಪಾಯಿ ಎಲ್ಲಿ ಹೋಯಿತು?

ಕಾರ್ಡಿನ ಮೊದಲ ಕೆಲವು ಅಂಕಿಗಳನ್ನು ನೋಡಿದ ತಕ್ಷಣ ಅದು ಭಾರತದ ಬ್ಯಾಂಕಿನ ಕಾರ್ಡು ಎಂದು ಅಂಗಡಿಯ ಯಂತ್ರಕ್ಕೆ ತಿಳಿಯುತ್ತದೆ. ಆಗ ಅದು ಪರದೆಯ ಮೇಲೆ ಎರಡು ಮೊತ್ತ ತೋರಿಸುತ್ತದೆ: ಅಲ್ಲಿನ ಯೂರೊ, ನಮ್ಮ ರೂಪಾಯಿ. ರೂಪಾಯಿ ಆಯ್ದರೆ ಹಣ ಬದಲಾಯಿಸುವ ಕೆಲಸವನ್ನು ಆ ಅಂಗಡಿಗೆ ಯಂತ್ರ ಕೊಟ್ಟ ಬ್ಯಾಂಕು ಅಥವಾ ಅದರ ಜೊತೆಗಾರ ಕಂಪನಿ ತಾನೇ ಮಾಡುತ್ತದೆ. ಇದಕ್ಕೆ ಡೈನಮಿಕ್ ಕರೆನ್ಸಿ ಕನ್ವರ್ಷನ್ ಎಂದು ಹೆಸರು, ಬ್ಯಾಂಕಿನವರ ಬಾಯಲ್ಲಿ ಡಿಸಿಸಿ. ದರದ ಮೇಲೆ ಅವರು ತಮ್ಮ ಲಾಭ ಸೇರಿಸಿರುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಅಂಗಡಿಗೂ ಒಂದು ಪಾಲು ಹೋಗುತ್ತದೆ. ಕೌಂಟರಿನ ಹುಡುಗ ನಗುತ್ತಾ “ರೂಪಾಯಿ?” ಎಂದು ಕೇಳುವುದರ ಹಿಂದೆ ಈ ಪಾಲೂ ಇದೆ.

ಮೈಸೂರು ರೈಲ್ವೆ ಸ್ಟೇಷನ್ ಮುಂದೆ ಆಟೋದವನು ಮೀಟರ್ ಹಾಕದೆ ಮೊದಲೇ ಒಂದು ರೇಟು ಹೇಳುತ್ತಾನಲ್ಲ, ಅದೇ ಬಗೆ. ಎಷ್ಟು ಕೊಡಬೇಕು ಎಂಬುದು ಮೊದಲೇ ಗೊತ್ತಾಗುತ್ತದೆ, ಆ ನೆಮ್ಮದಿಗೆ ಬೆಲೆ ಕಟ್ಟಬೇಕಾಗುತ್ತದೆ. ಯೂರೊ ಆಯ್ದರೆ ಮೀಟರ್ ಹಾಕಿಸಿದ ಹಾಗೆ. ಆಗ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲ ತನ್ನ ದರದಲ್ಲಿ ಬದಲಾಯಿಸುತ್ತದೆ. ಆ ದರಕ್ಕೂ ಮಾರುಕಟ್ಟೆಯ ದರಕ್ಕೂ ಇರುವ ಅಂತರ ಬಲು ಸಣ್ಣದು.

ರೂಪಾಯಲ್ಲಿ ಕೊಟ್ಟ ಮೇಲೂ ಬ್ಯಾಂಕು ಯಾಕೆ ಹಿಡಿಯಿತು?

ಅಕ್ಕನಿಗೆ ಹೆಚ್ಚು ನೋವಾಗಿದ್ದು ಇದೇ. ವಿದೇಶಿ ಹಣದಲ್ಲಿ ಖರ್ಚು ಮಾಡಿದರೆ ನಮ್ಮ ಬ್ಯಾಂಕು ಮಾರ್ಕಪ್ ಎಂದು ಒಂದಷ್ಟು ಹಿಡಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಸಾಮಾನ್ಯ ಕ್ರೆಡಿಟ್ ಕಾರ್ಡುಗಳಲ್ಲಿ ಅದು ಶೇಕಡಾ 3.5ರ ಹತ್ತಿರ ಇರುತ್ತದೆ, ದುಬಾರಿ ಕಾರ್ಡುಗಳಲ್ಲಿ ಶೇಕಡಾ 2ರ ಆಸುಪಾಸು, ಕೆಲವಲ್ಲಿ ಸೊನ್ನೆ. ಆ ಮಾರ್ಕಪ್ ಮೇಲೆ ಶೇಕಡಾ 18 ಜಿಎಸ್‌ಟಿ. ರೂಪಾಯಲ್ಲಿ ಕೊಟ್ಟರೆ ಇದೆಲ್ಲ ತಪ್ಪುತ್ತದೆ ಎಂದು ಅವರು ನಂಬಿದ್ದರು.

ತಪ್ಪುವುದಿಲ್ಲ. ವ್ಯವಹಾರ ವಿದೇಶಿಯೋ ಅಲ್ಲವೋ ಎಂಬುದನ್ನು ಬ್ಯಾಂಕು ಹಣದ ಹೆಸರಿನಿಂದಷ್ಟೇ ಅಳೆಯುವುದಿಲ್ಲ, ಅಂಗಡಿ ಯಾವ ದೇಶದಲ್ಲಿ ನೋಂದಾಯಿಸಿದೆ ಎಂಬುದನ್ನೂ ನೋಡುತ್ತದೆ. ವಿದೇಶದ ಅಂಗಡಿಗೆ ರೂಪಾಯಲ್ಲಿ ಕೊಟ್ಟರೂ ನಮ್ಮ ಹಲವು ಬ್ಯಾಂಕುಗಳು ಶೇಕಡಾ 1ರಷ್ಟು ಶುಲ್ಕ ಹಾಕುತ್ತವೆ, ಅದರ ಮೇಲೂ ಜಿಎಸ್‌ಟಿ. ಅಕ್ಕನ ಬಿಲ್ಲಿನಲ್ಲಿ ಜಾಕೆಟ್ಟಿನ ಸಾಲು ಒಂದು ಕಡೆ, ಈ ಶುಲ್ಕ ಇನ್ನೂ ಎರಡು ಸಾಲಾಗಿ ಕೆಳಗೆ ಬೇರೆ ಕಡೆ ಬಿದ್ದಿತ್ತು. ಹಾಗಾಗಿ ಯಾವುದಕ್ಕೆ ಯಾವುದು ಎಂದು ಜೋಡಿಸಲು ನಮಗೂ ಸ್ವಲ್ಪ ಹೊತ್ತು ಹಿಡಿಯಿತು.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡೂ ದಾರಿಯ ಲೆಕ್ಕ ಬರೆದೆವು.

ಅಕ್ಕ ಹಿಡಿದ ದಾರಿ: 200 ಯೂರೊ, 106ರ ದರದಲ್ಲಿ 21,200 ರೂಪಾಯಿ. ಬ್ಯಾಂಕಿನ ಶೇಕಡಾ 1 ಎಂದರೆ 212. ಅದರ ಮೇಲೆ ಜಿಎಸ್‌ಟಿ 38 ರೂಪಾಯಿ 16 ಪೈಸೆ. ಒಟ್ಟು 21,450 ರೂಪಾಯಿ 16 ಪೈಸೆ.

ಯೂರೊ ಎಂದಿದ್ದರೆ: 100ರ ದರದಲ್ಲಿ 20,000 ರೂಪಾಯಿ. ಅವರ ಕಾರ್ಡಿನ ಮಾರ್ಕಪ್ ಶೇಕಡಾ 3.5, ಅಂದರೆ 700. ಅದರ ಮೇಲೆ ಜಿಎಸ್‌ಟಿ 126. ಒಟ್ಟು 20,826.

ವ್ಯತ್ಯಾಸ 624 ರೂಪಾಯಿ. ಅವರಲ್ಲಿ ಮಾರ್ಕಪ್ ಇಲ್ಲದ ಕಾರ್ಡ್ ಇದ್ದು ಯೂರೊ ಎಂದಿದ್ದರೆ 20,000ಕ್ಕೇ ಮುಗಿಯುತ್ತಿತ್ತು. ಅಂಥ ಕಾರ್ಡನ್ನು ಬೇಕೆಂದೇ ಮಾಡಿಸಿಕೊಂಡು ಹೋಗಿ, ಅಲ್ಲಿ ರೂಪಾಯಿ ಬಟನ್ ಒತ್ತಿ ಲಾಭವೆಲ್ಲ ನೀರುಪಾಲು ಮಾಡಿಕೊಂಡವರನ್ನೂ ಕಂಡಿದ್ದೇನೆ.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಕಾರ್ಡಿನ ಮಾರ್ಕಪ್ ಶೇಕಡಾ 3.5 ಇದ್ದು, ರೂಪಾಯಿ ವ್ಯವಹಾರಕ್ಕೆ ಬ್ಯಾಂಕು ಶೇಕಡಾ 1 ಮಾತ್ರ ಹಿಡಿಯುವುದಾದರೆ, ಅಂಗಡಿಯವರು ಸೇರಿಸಿದ ಲಾಭ ಶೇಕಡಾ 2.9ಕ್ಕಿಂತ ಕಡಿಮೆ ಇದ್ದಾಗ ರೂಪಾಯಿಯೇ ಅಗ್ಗವಾಗುತ್ತದೆ. ಅಂಥ ದರ ಸಿಗುವುದು ಅಪರೂಪ. ಹಿಂದೆ ಜನ ಸಾಲು ನಿಂತಿರುವಾಗ ಈ ಲೆಕ್ಕ ಹಾಕಲು ಯಾರಿಂದಲೂ ಆಗದು. ಆದ್ದರಿಂದ ಅಲ್ಲಿನ ಹಣವನ್ನೇ ಆಯ್ದುಕೊಳ್ಳಿ ಎಂಬುದೇ ನನ್ನ ಸಲಹೆ.

ಹೊರಡುವ ಮೊದಲು

ನಿಮ್ಮ ಕಾರ್ಡಿನ ಎರಡು ಶುಲ್ಕ ತಿಳಿದುಕೊಳ್ಳಿ: ವಿದೇಶಿ ಹಣದ ವ್ಯವಹಾರಕ್ಕೆ ಎಷ್ಟು, ವಿದೇಶದಲ್ಲಿ ರೂಪಾಯಿ ವ್ಯವಹಾರಕ್ಕೆ ಎಷ್ಟು. ಬ್ಯಾಂಕಿನ ವೆಬ್‌ಸೈಟಿನಲ್ಲಿ `MITC` ಅಥವಾ `Most Important Terms and Conditions` ಎಂಬ ಕಡತ ಇರುತ್ತದೆ. ಅದರ ಶುಲ್ಕಗಳ ಪಟ್ಟಿಯಲ್ಲಿ ಎರಡೂ ಇರುತ್ತವೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಮೊದಲನೆಯದನ್ನು ಮಾತ್ರ ಹೇಳಿ ಸುಮ್ಮನಾಗುವುದುಂಟು, ಎರಡನೆಯದನ್ನು ನೀವೇ ಕೇಳಬೇಕು.

ಕಾರ್ಡಿನಲ್ಲಿ ವಿದೇಶಿ ಬಳಕೆ ಚಾಲೂ ಇದೆಯೇ ಎಂದು ಆ್ಯಪಿನಲ್ಲಿ ನೋಡಿ. 2020ರ ಅಕ್ಟೋಬರ್‌ನಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಬರುತ್ತದೆ.

ಕೌಂಟರಿನಲ್ಲಿ

ಕಾರ್ಡ್ ಕೊಡುವ ಮೊದಲೇ “ಯೂರೊ” ಎಂದು ಹೇಳಿಬಿಡಿ. ದುಬೈನಲ್ಲಾದರೆ ದಿರ್ಹಮ್, ಸಿಂಗಪುರದಲ್ಲಾದರೆ ಸಿಂಗಪುರ ಡಾಲರ್. ಯಂತ್ರವನ್ನು ನಿಮ್ಮ ಕಡೆ ತಿರುಗಿಸಿಕೊಳ್ಳಿ. ಬಟನ್ ಒತ್ತಬೇಕಾದವರು ನೀವು. ಅಂಗಡಿಯವರು ತಾವೇ ಒತ್ತಿ ಚೀಟಿ ಕೈಗಿಡುವುದು ಬಹಳ ಕಡೆ ನಡೆಯುತ್ತದೆ, ಟ್ಯಾಪ್ ಮಾಡುವಾಗಲಂತೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಪರದೆಯಲ್ಲಿ `INR` ಕಂಡರೆ ತಡೆಯಿರಿ, `EUR` ಇದ್ದರೆ ಮುಂದುವರಿಯಿರಿ.

ಹೋಟೆಲಿನಲ್ಲಿ ಇನ್ನೂ ಎಚ್ಚರ ಬೇಕು. ಒಳಗೆ ಹೋಗುವಾಗ ಠೇವಣಿಗೆಂದು ಕಾರ್ಡ್ ಹಾಕಿಸಿಕೊಳ್ಳುತ್ತಾರಲ್ಲ, ಆಗ ಸಹಿ ಮಾಡುವ ಕಾಗದದಲ್ಲೇ ಕೊನೆಯ ಬಿಲ್ಲು ರೂಪಾಯಿಗೆ ಬದಲಾಗಲಿ ಎಂಬ ಒಪ್ಪಿಗೆ ಅಡಗಿರಬಹುದು. ಆ ಸಾಲನ್ನು ಹೊಡೆದು ಹಾಕಿ, ಹೊರಡುವ ದಿನವೂ ಬಾಯಿಬಿಟ್ಟು ಹೇಳಿ.

ಎಟಿಎಂನಲ್ಲಿ ಜನ ಹೆದರುವುದು ಒಂದು ಪದಕ್ಕೆ. ಯಂತ್ರ ತನ್ನ ದರ ತೋರಿಸಿ `Accept conversion` ಮತ್ತು `Decline conversion` ಎಂದು ಕೇಳುತ್ತದೆ. ಎರಡನೆಯದನ್ನು ಒತ್ತಿದರೆ ಹಣವೇ ಬರುವುದಿಲ್ಲವೇನೋ ಎಂದುಕೊಂಡು ಮೊದಲನೆಯದನ್ನು ಒತ್ತುತ್ತಾರೆ. ಅದು ಬೇಡ ಎನ್ನುವುದು ಅವರ ದರಕ್ಕೆ ಮಾತ್ರ. ಹಣ ಬಂದೇ ಬರುತ್ತದೆ, ನಮ್ಮ ಬ್ಯಾಂಕಿನ ಲೆಕ್ಕದಲ್ಲಿ ಬರುತ್ತದೆ.

ಮೈಸೂರಿನಲ್ಲೇ ಕೂತು ಕೊಳ್ಳುವವರಿಗೂ ಇದು ಅನ್ವಯ. ಮಕ್ಕಳ ವಿದೇಶಿ ಪರೀಕ್ಷೆಯ ಶುಲ್ಕ, ಸಾಫ್ಟ್‌ವೇರಿನ ಚಂದಾ ಇಂಥವನ್ನು ವೆಬ್‌ಸೈಟು ರೂಪಾಯಲ್ಲಿ ತೋರಿಸಿದರೂ ಕಂಪನಿ ಹೊರದೇಶದ್ದಾಗಿದ್ದರೆ ಆ ಶೇಕಡಾ 1 ಬೀಳಬಹುದು.

ತಪ್ಪಾಗಿ ರೂಪಾಯಿ ಆಗಿಬಿಟ್ಟರೆ

ಚೀಟಿಯನ್ನು ಕೌಂಟರಿನಲ್ಲೇ ಓದಿ. `INR` ಮೊತ್ತ ಕಂಡರೆ ಅಲ್ಲಿಂದ ಕದಲಬೇಡಿ, ಆ ವ್ಯವಹಾರವನ್ನು ವಾಯ್ಡ್ ಮಾಡಿ ಯೂರೊದಲ್ಲಿ ಮತ್ತೆ ಹಾಕಿ ಎಂದು ಕೇಳಿ. ಅದೇ ದಿನ, ಅಂಗಡಿಯವರು ದಿನದ ಲೆಕ್ಕ ಮುಗಿಸುವ ಮೊದಲು ವಾಯ್ಡ್ ಆದರೆ ಇಡೀ ವ್ಯವಹಾರವೇ ಅಳಿಸುತ್ತದೆ. ಮರುದಿನ ಹೋದರೆ ಅದು ರೀಫಂಡ್ ಆಗುತ್ತದೆ. ಆಗ ವಾಪಸ್ ಬರುವ ಮೊತ್ತಕ್ಕೆ ಆ ದಿನದ ದರ ಹಾಕುತ್ತಾರೆ, ಬ್ಯಾಂಕು ಹಿಡಿದ ಶುಲ್ಕ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಊರಿಗೆ ಬಂದ ಮೇಲೆ ಗೊತ್ತಾದರೆ ಮೊದಲು ಗುರುತು ಹಿಡಿಯಿರಿ. ಬಿಲ್ಲಿನ ಸಾಲಿನಲ್ಲಿ ರೂಪಾಯಿಯ ಪಕ್ಕ ಯೂರೊ ಮೊತ್ತವೂ ಇದ್ದರೆ ಜಾಲದ ದರದಲ್ಲೇ ಬದಲಾಗಿದೆ ಎಂದರ್ಥ. ಮ್ಯೂನಿಕ್ ಎಂದು ಊರ ಹೆಸರಿದ್ದು ಬರೀ ರೂಪಾಯಿ ಇದ್ದರೆ ಅದು ಡಿಸಿಸಿ. ಆ ರೂಪಾಯಿಯನ್ನು ಅಂಗಡಿಯ ಚೀಟಿಯಲ್ಲಿರುವ ಯೂರೊ ಮೊತ್ತದಿಂದ ಭಾಗಿಸಿ; ಅಕ್ಕನದು 21,200 ಭಾಗಿಸು 200, ಅಂದರೆ 106. ವೀಸಾ, ಮಾಸ್ಟರ್‌ಕಾರ್ಡ್ ಎರಡೂ ತಮ್ಮ ವೆಬ್‌ಸೈಟಿನಲ್ಲಿ ಹಳೆಯ ದಿನಾಂಕದ ದರ ತೋರಿಸುತ್ತವೆ. ಹೋಲಿಸಿದರೆ ಎಷ್ಟು ಹೆಚ್ಚು ಕೊಟ್ಟಿರಿ ಎಂದು ತಿಳಿಯುತ್ತದೆ. ಒಂದೆರಡು ದಿನದ ಹಿಂದುಮುಂದು ಇರಬಹುದು, ಯಾಕೆಂದರೆ ಜಾಲ ದರ ಹಾಕುವುದು ವ್ಯವಹಾರ ತನ್ನ ಕೈಗೆ ಬಂದ ದಿನ, ಕಾರ್ಡ್ ಉಜ್ಜಿದ ದಿನವೇ ಆಗಬೇಕೆಂದಿಲ್ಲ.

ಗ್ರಾಹಕರಿಗೆ ಆಯ್ಕೆ ಕೊಡದೆ ರೂಪಾಯಿಗೆ ಬದಲಾಯಿಸುವಂತಿಲ್ಲ ಎಂಬುದು ಕಾರ್ಡ್ ಜಾಲಗಳ ನಿಯಮ. ನಿಮ್ಮನ್ನು ಕೇಳದೆಯೇ ಹಾಗೆ ಮಾಡಿದ್ದರೆ ಚೀಟಿಯ ಫೋಟೊ ಸಮೇತ ನಿಮ್ಮ ಬ್ಯಾಂಕಿಗೆ ಡಿಸ್ಪ್ಯೂಟ್ ಬರೆದುಕೊಡಿ, ಬಿಲ್ಲು ಬಂದ ಕೂಡಲೇ ಕೊಡಿ. ಫೋಟೊವನ್ನು ಕೊಂಡ ದಿನವೇ ತೆಗೆದಿಡಬೇಕು, ಆ ಕಾಗದದ ಅಕ್ಷರ ಬೇಗ ಅಳಿಸಿಹೋಗುತ್ತದೆ. ಅಕ್ಕ ಮಾತ್ರ ಡಿಸ್ಪ್ಯೂಟ್ ಹಾಕಲಿಲ್ಲ. ಅವರನ್ನು ಕೇಳಿದ್ದರು, ಅವರು ತಲೆಯಾಡಿಸಿದ್ದರು, ಚೀಟಿಯ ಕೊನೆಯಲ್ಲಿ ‘ನನಗೆ ಆಯ್ಕೆ ನೀಡಲಾಗಿತ್ತು’ ಎಂಬರ್ಥದ ಇಂಗ್ಲಿಷ್ ಸಾಲಿನ ಕೆಳಗೆ ಅವರದೇ ಸಹಿ ಇತ್ತು.