ಸರಾಸರಿ 96, ಆದರೂ ಜರ್ಕ್: ಫ್ರೇಮ್ ಟೈಮ್ ಗ್ರಾಫ್ ಓದಿ ಕಾಯಿಲೆ ಪತ್ತೆ ಹಚ್ಚಿದ ಅನುಭವ

ಶ್ಯಾಡೋ ಆಫ್ ದ ಟೂಮ್ ರೈಡರ್ ಬೆಂಚ್‌ಮಾರ್ಕ್ ಮುಗಿದಾಗ ಪರದೆಯ ಮೇಲೆ ಸರಾಸರಿ 96 ಎಫ್‌ಪಿಎಸ್ ಬಂತು. 1080ಪಿ, ಎಲ್ಲ ಸೆಟ್ಟಿಂಗ್ ಮೇಲಿನ ಮಟ್ಟದಲ್ಲಿ, ರೈಜನ್ 5 5600 ಮತ್ತು ಆರ್‌ಟಿಎಕ್ಸ್ 3060 ಜೋಡಿಗೆ ಇದು ಬೈಯುವಂಥ ಅಂಕಿಯಲ್ಲ. ಆದರೆ ಆಟದಲ್ಲಿ ಜನ ತುಂಬಿದ ಊರಿನೊಳಗೆ ಕಾಲಿಟ್ಟರೆ ಜರ್ಕ್ ಹೊಡೆಯುತ್ತಿತ್ತು. ಕೇಳಿದವರೆಲ್ಲ ಹೇಳಿದ್ದು ಒಂದೇ: ಕಾರ್ಡ್ ಬದಲಿಸು. ಅಂದರೆ ಆಗ ಮೂವತ್ತು ಸಾವಿರಕ್ಕೆ ಕಡಿಮೆಯಿರಲಿಲ್ಲ. ಕೊನೆಗೆ, ನಡುವೆ ತಪ್ಪಿ ದಂಡ ತೆತ್ತದ್ದು ಬಿಟ್ಟರೆ, ಮೂರು ಸಾವಿರದ ಆಸುಪಾಸಿನಲ್ಲಿ ಮುಗಿಯಿತು, ಕಾರ್ಡ್ ಈಗಲೂ ಅದೇ.

ಈ ಬೆಂಚ್‌ಮಾರ್ಕ್ ಆರಿಸಿದ್ದಕ್ಕೆ ಕಾರಣ ಇದೆ. ಅದರಲ್ಲಿ ಮೂರು ದೃಶ್ಯಗಳು. ಮೂರನೆಯದು ಪೈಟಿಟಿ ಊರು. ಅಲ್ಲಿ ಜನಸಂದಣಿ ಹೆಚ್ಚು, ಸಿಪಿಯು ಮತ್ತು ಮೆಮೊರಿಯ ಮೇಲೆ ಭಾರ ಹೆಚ್ಚು. ಫಲಿತಾಂಶದ ಪುಟದಲ್ಲಿ ಸಿಪಿಯು, ಜಿಪಿಯು ಎರಡಕ್ಕೂ ಬೇರೆ ಬೇರೆ ಅಂಕಿ ಕೊಡುತ್ತದೆ. ಜೊತೆಗೆ `GPU Bound` ಅಂತ ಒಂದು ಶೇಕಡಾ ಸಾಲು. ಬಹಳ ಜನ ಸರಾಸರಿಯನ್ನು ನೋಡಿ ಪುಟ ಮುಚ್ಚುತ್ತಾರೆ, ನಾನು ಮೊದಲು ನೋಡುವುದು ಆ ಸಾಲನ್ನೇ. ಇಲ್ಲಿ ಅದು 70ರ ಆಸುಪಾಸು ಇತ್ತು. ಅಂದರೆ ಓಟದ ಸುಮಾರು ಮೂರನೇ ಒಂದು ಭಾಗ ಕಾರ್ಡ್ ಕೈಕಟ್ಟಿ ಕೂತಿದೆ. ಹೊಸ ಕಾರ್ಡ್ ತಂದು ಹಾಕಿದ್ದರೆ ಅದೂ ಅಲ್ಲೇ ಕೂರುತ್ತಿತ್ತು.

ಆದರೆ ಜರ್ಕ್ ಎಲ್ಲಿ, ಎಷ್ಟು ಉದ್ದ, ಎಷ್ಟು ಸಲ ಅನ್ನುವುದನ್ನು ಆ ಪುಟ ಹೇಳುವುದಿಲ್ಲ. ಕನಿಷ್ಠ ಎಫ್‌ಪಿಎಸ್ ಅಂತ ತೋರಿಸುವ ಅಂಕಿಯನ್ನೂ ನಂಬುವ ಹಾಗಿಲ್ಲ. ದೃಶ್ಯ ಬದಲಾಗುವ ಕ್ಷಣದ ಒಂದೇ ಒಂದು ಉದ್ದದ ಫ್ರೇಮ್ ಅದನ್ನು ಪಾತಾಳಕ್ಕೆ ತಳ್ಳಬಹುದು. ಹಾಗಾಗಿ ಪ್ರತಿ ಫ್ರೇಮಿನ ಲೆಕ್ಕವನ್ನು ಪ್ರೆಸೆಂಟ್‌ಮಾನ್ ಅನ್ನುವ ತಂತ್ರಾಂಶದಲ್ಲಿ ಹಿಡಿದೆ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಕಿಟಕಿಯಿಂದ:

```
PresentMon.exe --process_name SOTTR.exe --hotkey ALT+SHIFT+F11 --timed 170 --output_file run2.csv
```

ಮೊದಲ ದೃಶ್ಯ ಮೂಡಿದ ತಕ್ಷಣ ಕೀ ಒತ್ತಬೇಕು, ಪ್ರತಿ ಸಲವೂ ಅದೇ ಜಾಗದಲ್ಲಿ. ಲೋಡಿಂಗ್ ಪರದೆ ಒಳಗೆ ಸೇರಿದರೆ ಲೆಕ್ಕವೆಲ್ಲ ಹಾಳು. ಇದನ್ನು ಎರಡು ಸಲ ಕೆಡಿಸಿಕೊಂಡ ಮೇಲೆ ಬಂದ ಬುದ್ಧಿ.

ಕಾರ್ಡಿನ ಮೇಲೆ ಕಣ್ಣಿಡುವ ಆಫ್ಟರ್‌ಬರ್ನರ್ ತಂತ್ರಾಂಶದ ಕಿಟಕಿಯ ಗ್ರಾಫ್ ನೋಡಿ ‘ಗೆರೆ ನೆಟ್ಟಗೇ ಇದೆಯಲ್ಲ’ ಅನ್ನುವವರು ಸಿಗುತ್ತಾರೆ. ಸೆಕೆಂಡಿಗೊಂದು ಚುಕ್ಕಿ ಹಾಕುವಂತೆ ಇಟ್ಟ ಗ್ರಾಫ್‌ನಲ್ಲಿ 40 ಮಿಲಿಸೆಕೆಂಡಿನ ಏಟು ಎರಡು ಚುಕ್ಕಿಗಳ ನಡುವೆ ಬಿದ್ದು ಕಾಣೆಯಾಗುತ್ತದೆ. ಆಟದ ಮೇಲೆ ಮೂಡುವ ಗ್ರಾಫ್ ವಾಸಿ, ಆದರೆ ಅದರ ಎತ್ತರದ ಮಿತಿ ನೋಡಬೇಕು. ನೂರು ಮಿಲಿಸೆಕೆಂಡಿನವರೆಗೆ ಎಳೆದ ಗ್ರಾಫ್‌ನಲ್ಲಿ 8ಕ್ಕೂ 14ಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ನಾನು ಮಿತಿಯನ್ನು 50ಕ್ಕೆ ಇಡುತ್ತೇನೆ.

ಸಿಎಸ್‌ವಿಯಲ್ಲಿ ನನಗೆ ಬೇಕಾದ ಕಾಲಂಗಳು ಎರಡೇ: ಒಂದು ಫ್ರೇಮಿಗೆ ಹಿಡಿದ ಸಮಯ ಹೇಳುವ `FrameTime` ಮತ್ತು ಅದರಲ್ಲಿ ಕಾರ್ಡ್ ದುಡಿದ ಸಮಯ ಹೇಳುವ `GPUBusy`. ಪ್ರೆಸೆಂಟ್‌ಮಾನ್ ಆವೃತ್ತಿ ಬದಲಾದರೆ ಹೆಸರು ಸ್ವಲ್ಪ ಬದಲಾಗುತ್ತದೆ, ಹಳೆಯದರಲ್ಲಿ ಮೊದಲನೆಯದು `MsBetweenPresents`. ಫ್ರೇಮ್ ಟೈಮ್ ಅನ್ನು ಸ್ಪ್ರೆಡ್‌ಶೀಟಿನ ಮೊದಲ ಕಾಲಂಗೆ ಅಂಟಿಸಿ ಈ ನಾಲ್ಕು ಸಾಲು:

```
=1000/AVERAGE(A2:A16301)
=MEDIAN(A2:A16301)
=1000/PERCENTILE(A2:A16301,0.99)
=COUNTIF(A2:A16301,">"&2.5*MEDIAN(A2:A16301))
```

ಬಂದ ಲೆಕ್ಕ ಹೀಗಿತ್ತು. 170 ಸೆಕೆಂಡಿಗೆ ಸುಮಾರು 16,300 ಫ್ರೇಮ್, ಮೀಡಿಯನ್ ಹತ್ತು ಮಿಲಿಸೆಕೆಂಡ್. ಅದರ ಎರಡೂವರೆ ಪಟ್ಟು ದಾಟಿದ, ಅಂದರೆ 25ಕ್ಕಿಂತ ಉದ್ದದ ಫ್ರೇಮ್‌ಗಳು 90ರಷ್ಟು. ಅವುಗಳಲ್ಲಿ 85 ಏಟುಗಳು ಹೆಚ್ಚುಕಮ್ಮಿ 40 ಮಿಲಿಸೆಕೆಂಡಿನವು.

ಇಲ್ಲೇ ಸ್ವಲ್ಪ ನಿಲ್ಲಬೇಕು. ಆ 85 ಏಟುಗಳಿಂದ ಸರಾಸರಿಗೆ ಆದ ನಷ್ಟ ಎಷ್ಟು? ಒಂದೊಂದೂ ಮೂವತ್ತು ಮಿಲಿಸೆಕೆಂಡ್ ಹೆಚ್ಚು ತಿಂದಿದೆ, ಎಲ್ಲ ಸೇರಿ ಎರಡೂವರೆ ಸೆಕೆಂಡ್. 170ರಲ್ಲಿ ಎರಡೂವರೆ. 97.5 ಬರಬೇಕಾದದ್ದು 96 ಬಂದಿದೆ, ಅಷ್ಟೇ. ಹಾಗಾದರೆ ಅತಿ ಕೆಟ್ಟ ಒಂದು ಶೇಕಡಾ ಫ್ರೇಮ್‌ಗಳ ವೇಗ ಹೇಳುವ 1 ಪರ್ಸೆಂಟ್ ಲೋ ನೋಡಿದರೆ ಸಾಲದೇ ಅಂತ ಕೇಳಬಹುದು. ಅದು ಯಾವ ಬಗೆಯ 1 ಪರ್ಸೆಂಟ್ ಅನ್ನುವುದರ ಮೇಲೆ ಹೋಗುತ್ತದೆ. ಮೇಲಿನ ಮೂರನೇ ಸಾಲು ಪರ್ಸೆಂಟೈಲ್. ಫ್ರೇಮ್‌ಗಳನ್ನು ಕೆಟ್ಟದ್ದರಿಂದ ಸಾಲಾಗಿ ನಿಲ್ಲಿಸಿ 163ನೆಯದನ್ನು ಮಾತ್ರ ಎತ್ತಿ ತೋರಿಸುತ್ತದೆ. ಕೆಟ್ಟ ಏಟುಗಳು ತೊಂಬತ್ತೇ ಇದ್ದದ್ದರಿಂದ ಅವೆಲ್ಲ ಆ ಗೆರೆಯ ಆಚೆಗೇ ಉಳಿದವು. ಸಿಕ್ಕ 163ನೇ ಫ್ರೇಮ್ 17 ಮಿಲಿಸೆಕೆಂಡ್, ಅಂದರೆ 59 ಎಫ್‌ಪಿಎಸ್. ನೋಡಿದವರು ‘ಪರವಾಗಿಲ್ಲ’ ಅಂದರು. ಅದೇ ಕೆಟ್ಟ 163 ಫ್ರೇಮ್‌ಗಳನ್ನೂ ಕೂಡಿಸಿ ಸರಾಸರಿ ತೆಗೆದರೆ ಸುಮಾರು 30 ಮಿಲಿಸೆಕೆಂಡ್, 33 ಎಫ್‌ಪಿಎಸ್. ಒಂದೇ ಓಟ, ಒಂದೇ ಹೆಸರಿನ ಅಂಕಿ, 59 ಒಂದು ಕಡೆ, 33 ಇನ್ನೊಂದು ಕಡೆ. ಇಬ್ಬರು ಬೇರೆ ಬೇರೆ ಸಾಧನದಲ್ಲಿ ಅಳೆದು ಜಗಳ ಆಡುವುದು ಇದಕ್ಕೇ.

ಇನ್ನು ಗ್ರಾಫ್. ಅಂಕಿ ಕಾಯಿಲೆ ಇದೆ ಅನ್ನುತ್ತದೆ, ಯಾವ ಕಾಯಿಲೆ ಅನ್ನುವುದು ಗೆರೆಯ ಆಕಾರದಲ್ಲಿದೆ. ಇಲ್ಲಿ ಮೂರು ಕಾಯಿಲೆಗಳು ಒಂದರ ಮೇಲೊಂದು ಕೂತಿದ್ದವು.

ಮೊದಲನೆಯದು ಸುಲಭ. ಡ್ರೈವರ್ ಹೊಸದಾಗಿ ಹಾಕಿದ ಮೇಲಿನ ಮೊದಲ ಓಟದಲ್ಲಿ ಅಲ್ಲಲ್ಲಿ ಚೆಲ್ಲಾಪಿಲ್ಲಿ ಮುಳ್ಳುಗಳು, ಎರಡನೇ ಓಟದಲ್ಲಿ ಮಾಯ. ಅದು ಶೇಡರ್ ಕಂಪೈಲ್ ಆಗುವ ತಡವರಿಕೆ. ಮೊದಲ ಓಟವನ್ನು ಎಸೆದು ಎರಡು, ಮೂರು, ನಾಲ್ಕನ್ನು ಇಟ್ಟುಕೊಳ್ಳುವ ನಮ್ಮೆಲ್ಲರ ಪದ್ಧತಿ ಇದನ್ನೇ ಮುಚ್ಚಿಹಾಕುತ್ತದೆ. ಹಾಗಾಗಿ ಎಸೆಯುವ ಮುನ್ನ ಒಮ್ಮೆ ನೋಡಿ. ಮತ್ತೆ ತರಿಸಬೇಕಿದ್ದರೆ ವಿಂಡೋಸಿನ ಡಿಸ್ಕ್ ಕ್ಲೀನಪ್‌ನಲ್ಲಿ `DirectX Shader Cache` ಗುರುತು ಹಾಕಿ ಅಳಿಸಿ ನೋಡಬಹುದು.

ಎರಡನೆಯದು ಆ 85 ಏಟುಗಳು. ಎಲ್ಲ ಒಂದೇ ಎತ್ತರ, ಮೂರೂ ದೃಶ್ಯದಲ್ಲಿ, ಬಾಚಣಿಗೆಯ ಹಲ್ಲಿನ ಹಾಗೆ. ಹಲ್ಲಿನಿಂದ ಹಲ್ಲಿಗೆ ಅಂತರ ಲೆಕ್ಕ ಹಾಕಿದರೆ ಎರಡು ಸೆಕೆಂಡ್. ಆಟದ ಒಳಗಿನ ಕಾರಣಕ್ಕೆ ಇಷ್ಟು ಗಡಿಯಾರದ ಶಿಸ್ತು ಇರುವುದಿಲ್ಲ. `GPUBusy` ನೋಡಿದರೆ ಫ್ರೇಮ್ 40 ತೆಗೆದುಕೊಂಡಾಗಲೂ ಕಾರ್ಡ್ ದುಡಿದದ್ದು ಒಂಬತ್ತೇ ಮಿಲಿಸೆಕೆಂಡ್. ಎರಡೂ ಒಟ್ಟಿಗೆ ಏರಿದ್ದರೆ ಕಾರ್ಡನ್ನು ಶಂಕಿಸಬೇಕಿತ್ತು. ಇಲ್ಲಿ ಕೆಲಸವೇ ಕಾರ್ಡಿನ ತನಕ ಬಂದಿಲ್ಲ. ಟಾಸ್ಕ್‌ಬಾರಿನ ಗಡಿಯಾರದ ಪಕ್ಕದ ಮೂಲೆಯಲ್ಲಿ ಕೂತಿದ್ದ ಪ್ರೋಗ್ರಾಂಗಳನ್ನು ಒಂದೊಂದಾಗಿ ಮುಚ್ಚಿ ಒಂದೊಂದು ಓಟ. ಐದನೆಯದರಲ್ಲಿ ಸಿಕ್ಕಿತು: ಬಣ್ಣದ ದೀಪ ಮತ್ತು ಫ್ಯಾನ್ ನೋಡಿಕೊಳ್ಳುವ ತಂತ್ರಾಂಶ, ಎರಡು ಸೆಕೆಂಡಿಗೊಮ್ಮೆ ಸೆನ್ಸರ್‌ಗಳನ್ನು ಕೇಳುತ್ತಿತ್ತು. ತೆಗೆದೆ. 85 ಏಟುಗಳೂ ಹೋದವು, ಸರಾಸರಿ ಒಂದೂವರೆ ಏರಿತು. ದುಡ್ಡು ಶೂನ್ಯ.

ಇದರ ಮಧ್ಯೆ ಒಂದು ಪಕ್ಕದ ಪ್ರಯೋಗ. ಈ ಏಟು ಲೆಕ್ಕದಲ್ಲಿ ಮಾತ್ರವೋ ಪರದೆಯಲ್ಲೂ ಇದೆಯೋ ಅಂತ ಫೋನಿನ 240 ಫ್ರೇಮಿನ ಸ್ಲೋ ಮೋಷನ್‌ನಲ್ಲಿ ಮಾನಿಟರನ್ನು ಹಿಡಿದದ್ದು. ವಿಡಿಯೊದ ಒಂದು ಫ್ರೇಮ್ ಅಂದರೆ ನಾಲ್ಕು ಮಿಲಿಸೆಕೆಂಡ್ ಚಿಲ್ಲರೆ. ಒಂಬತ್ತು ಹತ್ತು ಫ್ರೇಮ್ ಚಿತ್ರ ಅಲುಗದೆ ನಿಂತಿತ್ತು. ಸರಿಯಾಗಿ ತಾಳೆಯಾಯಿತು. ನಂಬದವರ ಬಾಯಿ ಮುಚ್ಚಿಸಲು ಗ್ರಾಫಿಗಿಂತ ಈ ವಿಡಿಯೊ ಹೆಚ್ಚು ಕೆಲಸಕ್ಕೆ ಬಂತು.

ಮೂರನೆಯದೇ ಅಸಲಿ ಕಾಯಿಲೆ. ಮೊದಲೆರಡು ದೃಶ್ಯದಲ್ಲಿ ತೆಳ್ಳಗಿದ್ದ ಗೆರೆ ಪೈಟಿಟಿಗೆ ಬಂದೊಡನೆ ಮೇಲೇರಿ ದಪ್ಪ ಪಟ್ಟಿಯಾಗುತ್ತಿತ್ತು, 11ರಿಂದ 17ರ ನಡುವೆ ತುಯ್ದಾಟ. ಮುಳ್ಳಲ್ಲ, ದಿಬ್ಬ. ದಿಬ್ಬದ ಉದ್ದಕ್ಕೂ `GPUBusy` ಕೆಳಗೇ ಇತ್ತು. ಇಲ್ಲಿ ನಾನೂ ತಪ್ಪಿದೆ. ಡಿಸ್ಕಿನಿಂದ ಸಾಮಗ್ರಿ ಬರುವುದು ತಡವಾಗುತ್ತಿದೆ ಅಂದುಕೊಂಡು ನಾಲ್ಕು ಸಾವಿರದಷ್ಟು ಕೊಟ್ಟು ಎನ್‌ವಿಎಂಇ ತಂದದ್ದು ದಂಡ. ಡಿಸ್ಕಿನ ತಡ ಬಿಡಿಬಿಡಿಯಾದ ಮುಳ್ಳಾಗಿ ಕಾಣುತ್ತದೆ, ಹೀಗೆ ಒಂದೇ ಸಮ ಏರಿ ಕೂರುವುದಿಲ್ಲ. ಆಕಾರ ಓದಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಪೆಟ್ಟಿಗೆ ತೆರೆದರೆ ಒಂದೇ 16 ಜಿಬಿ ರ್ಯಾಮ್ ಸ್ಟಿಕ್, ಅಂದರೆ ಮೆಮೊರಿಯ ಎರಡು ಚಾನಲ್‌ಗಳಲ್ಲಿ ಒಂದೇ ಕೆಲಸದಲ್ಲಿತ್ತು. ಮೇಲಾಗಿ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿರಲಿಲ್ಲ, 3200ರ ಸ್ಟಿಕ್ 2666ರಲ್ಲಿ ಓಡುತ್ತಿತ್ತು. ಎಕ್ಸ್‌ಎಂಪಿ ಹಾಕಿದ್ದಕ್ಕೆ ದಿಬ್ಬ ಒಂದು ಮಿಲಿಸೆಕೆಂಡ್ ಇಳಿಯಿತು. ಎಸ್.ಪಿ. ರೋಡಿನಿಂದ ಅದೇ ಬಗೆಯ ಇನ್ನೊಂದು ಸ್ಟಿಕ್ ತಂದದ್ದು ಆಗ ಮೂರು ಸಾವಿರದ ಹತ್ತಿರ. ಹಾಕಿದ ಮೊದಲ ಓಟದಲ್ಲಿ ಏನೂ ಬದಲಾಗಲಿಲ್ಲ! ಪಕ್ಕಪಕ್ಕದ ಸ್ಲಾಟಿಗೆ ಹಾಕಿದ್ದೇ ತಪ್ಪು, ಎರಡೂ ಒಂದೇ ಚಾನಲ್‌ಗೆ ಸೇರಿದ್ದವು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಸಿಪಿಯುವಿನಿಂದ ಎಣಿಸಿ ಎರಡನೆಯದು, ನಾಲ್ಕನೆಯದು. ಸಿಪಿಯು-ಝಡ್‌ನ `Memory` ಪುಟದಲ್ಲಿ ಖಚಿತಪಡಿಸಿಕೊಂಡೇ ಅಳತೆಗೆ ಇಳಿಯಬೇಕು. ಬೇರೆ ಬ್ಯಾಚಿನ ಜೋಡಿ 3200ಕ್ಕೆ ನಿಲ್ಲದೆ ತಕರಾರು ಮಾಡಿತು. ಅದನ್ನು ನಿಲ್ಲಿಸಿದ ಸೆಟ್ಟಿಂಗ್ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಎರಡು ರಾತ್ರಿ ಹೋಗಿವೆ.

ಸ್ಲಾಟ್ ಬದಲಿಸಿದ ಮೇಲೆ ಸರಾಸರಿ 106ರ ಆಸುಪಾಸು, `GPU Bound` 98. ಸರಾಸರಿ ಏರಿದ್ದು ಬರೀ ಹತ್ತು ಅಂತ ಮೂಗು ಮುರಿದವರಿಗೆ ಉಳಿದ ಅಂಕಿ ಹೇಳುತ್ತೇನೆ: ಪರ್ಸೆಂಟೈಲ್ 59ರಿಂದ 80ಕ್ಕೆ ಬಂತು, ಎರಡೂವರೆ ಪಟ್ಟು ದಾಟಿದ ಫ್ರೇಮ್‌ಗಳು 90ರಿಂದ ನಾಲ್ಕೈದಕ್ಕೆ ಇಳಿದವು. ಆ ನಾಲ್ಕೈದು ಪ್ರತಿ ಓಟದಲ್ಲೂ ದೃಶ್ಯ ಬದಲಾಗುವ ಜಾಗದಲ್ಲೇ ಬೀಳುತ್ತವೆ. ಅವು ಆಟದವೇ, ಅವುಗಳ ಹಿಂದೆ ಬೀಳಲಿಲ್ಲ.

ಮೂರು ನಿಮಿಷದ ಬೆಂಚ್‌ಮಾರ್ಕ್ ಹಿಡಿಯದ ಕಾಯಿಲೆಯೂ ಉಂಟು. ಅದೇ ಬಿಸಿ, ಮುಖ್ಯವಾಗಿ ಲ್ಯಾಪ್‌ಟಾಪ್‌ಗಳಲ್ಲಿ. ಅದಕ್ಕೆ ಬಿಡುವು ಕೊಡದೆ ಐದು ಓಟ ಓಡಿಸಿ ಮೊದಲನೆಯ ಮತ್ತು ಐದನೆಯ ಮೀಡಿಯನ್ ಪಕ್ಕಪಕ್ಕ ಇಡುತ್ತೇನೆ. ಹತ್ತು ಮಿಲಿಸೆಕೆಂಡ್ ಇದ್ದದ್ದು ಹನ್ನೆರಡಾಗಿದ್ದರೆ ಗ್ರಾಫ್‌ನಲ್ಲಿ ಮುಳ್ಳೂ ಇರುವುದಿಲ್ಲ, ದಿಬ್ಬವೂ ಇರುವುದಿಲ್ಲ, ಇಡೀ ಗೆರೆಯೇ ಒಂದು ಮೆಟ್ಟಿಲು ಮೇಲೆ ಕೂತಿರುತ್ತದೆ. ಆಗ ಸ್ಪ್ರೆಡ್‌ಶೀಟ್ ಮುಚ್ಚಿ, ಬ್ರಷ್ ತಗೊಂಡು ಫ್ಯಾನಿನ ಧೂಳಿನಿಂದ ಶುರು ಮಾಡಬೇಕು.