ಹೆಲ್ಪ್ ಸಿಂಡ್ರೋಮೋ, ಫ್ಯಾಟಿ ಲಿವರೋ: ನಮ್ಮ ಲ್ಯಾಬಿನಲ್ಲಿ ಬಿಡಿಸಿಕೊಂಡ ಬಗೆ

ಚಿಕ್ಕಮಗಳೂರಿನ ಸಣ್ಣ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ನೋಡಿಕೊಳ್ಳುವ ಪೆಥಾಲಜಿಸ್ಟ್ ನಾನು. ಮೂಡಿಗೆರೆ, ಕೊಪ್ಪ ಕಡೆಯ ತೋಟಗಳಿಂದ ಬರುವ ಗರ್ಭಿಣಿಯರ ರಕ್ತ ನನ್ನ ಮೇಜಿಗೆ ಬರುತ್ತದೆ. ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕಡಿಮೆ, ಯಕೃತ್ತಿನ ಎಂಜೈಮ್ ಎಎಸ್‌ಟಿ 70 ದಾಟಿದೆ, ಕೆಂಪು ಕಣ ಒಡೆದಾಗ ಏರುವ ಎಲ್‌ಡಿಎಚ್ 600 ದಾಟಿದೆ ಎಂದರೆ ಚೀಟಿಯ ಮೇಲೆ ಹೆಲ್ಪ್ ಸಿಂಡ್ರೋಮ್ ಎಂದು ಬರೆದು ಮುಗಿಸುವುದೇ ಇಲ್ಲಿನ ರೂಢಿಯಾಗಿತ್ತು. ಬಸಿರಿನ ಕೊನೆಯಲ್ಲಿ ಯಕೃತ್ತು ದಿಢೀರನೆ ಸೋಲುವ ಫ್ಯಾಟಿ ಲಿವರ್ ಇರಬಹುದು ಎಂದು ನಾನು ಹೇಳಿದಾಗಲೆಲ್ಲ ನಮ್ಮ ಹಿರಿಯ ಹೆರಿಗೆ ತಜ್ಞರು, "ಎರಡಕ್ಕೂ ಹೆರಿಗೆಯೇ ಮದ್ದು, ಮೇಡಂ. ಹೆಸರು ಯಾವುದಾದರೇನು?" ಎನ್ನುತ್ತಿದ್ದರು.

ಹೆರಿಗೆ ಎರಡಕ್ಕೂ ಮದ್ದು ಎಂಬುದು ನಿಜ. ಆದರೆ ಹೆರಿಗೆಗೆ ಮುಂಚಿನ ಎರಡು ಗಂಟೆಯಲ್ಲಿ ರಕ್ತನಿಧಿಯಿಂದ ಏನು ತರಿಸಬೇಕು ಎಂಬುದು ಬೇರೆ ಬೇರೆ. ಹೆಲ್ಪ್‌ನಲ್ಲಿ ಕೊರತೆ ಪ್ಲೇಟ್‌ಲೆಟ್‌ನದು. ಫ್ಯಾಟಿ ಲಿವರ್‌ನಲ್ಲಿ ಯಕೃತ್ತು ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೂ ಸಕ್ಕರೆಯನ್ನೂ ತಯಾರಿಸುವುದನ್ನೇ ನಿಲ್ಲಿಸುತ್ತಿರುತ್ತದೆ. ಅಲ್ಲಿ ಬೇಕಾದದ್ದು ಪ್ಲಾಸ್ಮಾ, ಪ್ಲಾಸ್ಮಾದಿಂದ ತೆಗೆದ ಹೆಪ್ಪಿನ ಅಂಶಗಳ ಕ್ರಯೋ ಮತ್ತು ಡೆಕ್ಸ್‌ಟ್ರೋಸ್. ಪ್ಲೇಟ್‌ಲೆಟ್ ಮಾತ್ರ ತರಿಸಿಕೊಂಡು ಚಾಕು ಹಿಡಿದರೆ ಗಾಯ ಒಸರುತ್ತಲೇ ಇರುತ್ತದೆ.

ಸ್ವಾನ್ಸೀ ಪಟ್ಟಿ ನಿಮಗೆಲ್ಲ ಗೊತ್ತಿದೆ: 14 ಲಕ್ಷಣಗಳಲ್ಲಿ ಆರು ಬಂದರೆ ಫ್ಯಾಟಿ ಲಿವರ್. ಆರಂಭದಲ್ಲಿ ನಾನೂ ಅದನ್ನೇ ನೆಚ್ಚಿದ್ದೆ. ಆದರೆ ಒಳ್ಳೆಯ ಹೆಲ್ಪ್ ಕೇಸ್ ಒಂದನ್ನು ಅದರ ಮೇಲಿಟ್ಟು ನೋಡಿ. ವಾಂತಿ, ಹೊಟ್ಟೆನೋವು, ಏರಿದ ಎಂಜೈಮ್, ಏರಿದ ಯೂರಿಕ್ ಆಸಿಡ್, 0.8 ದಾಟಿದ ಬಿಲಿರುಬಿನ್, 11 ಸಾವಿರ ದಾಟಿದ ಬಿಳಿ ಕಣ. ಅಲ್ಲಿಗೇ ಆರು ತುಂಬಿತು! ಆದ್ದರಿಂದ ಅಂಕ ಎಣಿಸುವುದನ್ನು ಬಿಟ್ಟು, ಯಾವ ಅಂಕ ಎಂದು ನೋಡತೊಡಗಿದೆ. ಸಕ್ಕರೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವಾದ ಪಿಟಿ, ಹೆಪ್ಪಿನ ಪ್ರೋಟೀನಾದ ಫೈಬ್ರಿನೋಜೆನ್, ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯೇಟಿನಿನ್ ಈ ನಾಲ್ಕಕ್ಕೆ ಮೊದಲ ಮರ್ಯಾದೆ. ಜೊತೆಗೆ ಗಾಜಿನ ಮೇಲೆ ರಕ್ತ ಸವರಿ ಲೀಶ್‌ಮನ್ ಬಣ್ಣ ಹಾಕಿದ ಸ್ಮಿಯರ್, ಮತ್ತು ಆರು ಗಂಟೆಗೊಮ್ಮೆ ಮರುಪರೀಕ್ಷೆ.

ಫೈಬ್ರಿನೋಜೆನ್‌ಗಾಗಿ ಪಟ್ಟ ಪಾಡು ದೊಡ್ಡದು. ಹೆಪ್ಪುಗಟ್ಟುವುದನ್ನು ಅಳೆಯುವ ಸೆಮಿ ಆಟೋ ಕೋಆಗ್ಯುಲೋಮೀಟರ್‌ಗೆ ಲಕ್ಷದ ಆಸುಪಾಸು ಬೇಕಾಯಿತು. ತಿಂಗಳಿಗೆ ಬೆರಳೆಣಿಕೆಯ ಪರೀಕ್ಷೆಗೆ ಇಷ್ಟು ಹಣವೇ ಎಂದು ಆಡಳಿತದವರು ಕೇಳಿದರು. ರೀಏಜೆಂಟ್ ಕಿಟ್ ಏಳೆಂಟು ಸಾವಿರ, ಒಮ್ಮೆ ಕಲಸಿದರೆ ಕೆಲವೇ ದಿನ ಬಾಳಿಕೆ. ಮೊದಲ ಎರಡು ಮೂರು ಕಿಟ್‌ಗಳ ಮುಕ್ಕಾಲು ಭಾಗ ಸಿಂಕಿಗೆ ಹೋಯಿತು. ಈಗ ಒಂದು ಕಿಟ್ಟನ್ನು ಕೊನೆಯ ಹನಿಯವರೆಗೂ ಬಳಸುತ್ತೇನೆ, ಪ್ರತಿ ಸಲ ಕಂಟ್ರೋಲ್ ಓಡಿಸಿಯೇ ಬಳಸುತ್ತೇನೆ. ಆ ಕೈಚಳಕವನ್ನು ಇಲ್ಲಿ ಬರೆಯುವುದಿಲ್ಲ. ಲ್ಯಾಬಿಗೆ ಬಂದವರಿಗೆ ತೋರಿಸುತ್ತೇನೆ. ಸ್ವಾನ್ಸೀ ಪಟ್ಟಿಯಲ್ಲಿರುವ ಅಮೋನಿಯಾವನ್ನೂ ಪ್ರಯತ್ನಿಸಿದೆ. ಐಸ್‌ನಲ್ಲಿಟ್ಟು ಕೂಡಲೇ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸದಿದ್ದರೆ ಆರೋಗ್ಯವಂತರದೂ ಏರಿ ಕಾಣುತ್ತದೆ. ವಾರ್ಡು ಮೂರನೇ ಮಹಡಿ, ಲಿಫ್ಟ್ ಅರ್ಧ ದಿನ ಕೆಟ್ಟಿರುತ್ತದೆ. ಆ ಹಣ ಹೋದದ್ದೇ ಬಂತು.

ವಾರ್ಡಿನಿಂದ ಬರುವ ನೀಲಿ ಮುಚ್ಚಳದ ಟ್ಯೂಬ್ ಅರ್ಧ ತುಂಬಿದ್ದರೆ ನಾನು ಮುಟ್ಟುವುದಿಲ್ಲ. ಸಿಟ್ರೇಟ್ ಒಂದು ಪಾಲು, ರಕ್ತ ಒಂಬತ್ತು ಪಾಲು ಇರಬೇಕು. ರಕ್ತ ಕಡಿಮೆಯಾದರೆ ಪಿಟಿ ಸುಳ್ಳಾಗಿಯೇ ಉದ್ದವಾಗಿ, ಇಲ್ಲದ ಫ್ಯಾಟಿ ಲಿವರ್ ಹುಟ್ಟಿಕೊಳ್ಳುತ್ತದೆ. ಸೂಜಿಯಲ್ಲಿ ಜೋರಾಗಿ ಎಳೆದು ಒಡೆದ ರಕ್ತದಲ್ಲಿ ಎಲ್‌ಡಿಎಚ್ ನೋಡಿದರೆ ಇಲ್ಲದ ಹೆಲ್ಪ್ ಹುಟ್ಟುತ್ತದೆ. ಸೀರಮ್ ಕೆಂಪಾಗಿದ್ದರೆ ಇನ್ನೊಂದು ಸ್ಯಾಂಪಲ್ ತರಿಸಿ, ಸ್ಮಿಯರ್‌ನಲ್ಲಿ ಒಡೆದ ಕೆಂಪು ಕಣಗಳ ತುಣುಕುಗಳಾದ ಚೂರುಕಣಗಳನ್ನು ಕಣ್ಣಾರೆ ಕಂಡ ಮೇಲೆಯೇ ಹೀಮೋಲಿಸಿಸ್ ಎಂದು ಬರೆಯುತ್ತೇನೆ.

ಸಕ್ಕರೆಯ ವಿಷಯದಲ್ಲಿ ಒಂದು ಚಿಕ್ಕ ಪ್ರಯೋಗವನ್ನೂ ಮಾಡಿದೆ. ನಮ್ಮ ಸಿಬ್ಬಂದಿಯ ರಕ್ತವನ್ನೇ ಸಾದಾ ಟ್ಯೂಬಿನಲ್ಲಿ ಮೇಜಿನ ಮೇಲಿಟ್ಟು ಗಂಟೆಗೊಮ್ಮೆ ಅಳೆದೆವು. ಗಂಟೆಗೆ ಐದಾರು ಮಿಲಿಗ್ರಾಂನಂತೆ ಇಳಿಯುತ್ತಾ ಹೋಯಿತು. ಬಿಳಿ ಕಣಗಳು ಹೆಚ್ಚಿರುವ ರಕ್ತದಲ್ಲಿ ಇನ್ನೂ ಬೇಗ. ತಾಲ್ಲೂಕಿನಿಂದ ಬಸ್ಸಿನಲ್ಲಿ ಬಂದ ಟ್ಯೂಬಿನ ಸಕ್ಕರೆಯನ್ನು ನಂಬಬಾರದೆಂದು ಅಂದೇ ತೀರ್ಮಾನಿಸಿದೆ. ಹಾಸಿಗೆಯ ಪಕ್ಕ ಗ್ಲುಕೋಮೀಟರ್, ಅದೂ ಡ್ರಿಪ್ ಇಲ್ಲದ ಕೈಯಿಂದ.

ನನ್ನ ಮಾತು ಗೆದ್ದದ್ದು ಈ ಕೇಸಿನಲ್ಲಿ. ಚೊಚ್ಚಲ ಬಸುರಿ, 36 ವಾರ. ಮೂರು ನಾಲ್ಕು ದಿನಗಳಿಂದ ವಾಂತಿ, ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿದ್ದಳು. ಬಿಪಿ 140/90. ಪ್ಲೇಟ್‌ಲೆಟ್ 92 ಸಾವಿರ, ಎಎಸ್‌ಟಿ ಮುನ್ನೂರರ ಸುಮಾರು, ಎಲ್‌ಡಿಎಚ್ ಏಳುನೂರು ಚಿಲ್ಲರೆ. ಅಲ್ಲಿಗೆ ಹೆಲ್ಪ್ ಎಂದು ಬರೆದಾಗಿತ್ತು. ನನಗೆ ಮೊದಲು ಕಂಡದ್ದು ಟ್ಯೂಬಿನಲ್ಲಿ ತೇಲುತ್ತಿದ್ದ ಗಾಢ ಹಳದಿ ಸೀರಮ್. ಬಿಲಿರುಬಿನ್ ಐದು, ಹೆಚ್ಚಿನ ಪಾಲು ಡೈರೆಕ್ಟ್. ಕಣ ಒಡೆದು ಏರಿದ್ದಾಗಿದ್ದರೆ ಇನ್‌ಡೈರೆಕ್ಟ್ ಹೆಚ್ಚಿರಬೇಕಿತ್ತು. ಸ್ಮಿಯರ್‌ನಲ್ಲಿ ಚೂರುಕಣ ಹುಡುಕಿದರೂ ಒಂದೆರಡೇ. ಬಿಳಿ ಕಣ 18 ಸಾವಿರ, ಕ್ರಿಯೇಟಿನಿನ್ 1.9, ಗ್ಲುಕೋಮೀಟರ್‌ನಲ್ಲಿ 54. ಪಿಟಿ 24 ಸೆಕೆಂಡು, ಫೈಬ್ರಿನೋಜೆನ್ 110.

ಈ 110ರ ಬಗ್ಗೆ ಒಂದು ಮಾತು. ವರದಿಯಲ್ಲಿ ಅಚ್ಚಾಗುವ 200ರಿಂದ 400 ಎಂಬ ಮಿತಿ ಗರ್ಭಿಣಿಯಲ್ಲದವರದು. ಕೊನೆಯ ತಿಂಗಳುಗಳಲ್ಲಿ 400ರಿಂದ 600 ಇರುವುದು ಸಹಜ. ಹಾಗಾಗಿ 220 ಎಂದು ಬಂದರೂ ಅದು ಸರಿಯಿದೆ ಎಂದು ನಾನು ಬಿಡುವುದಿಲ್ಲ. ಕೊಲೆಸ್ಟರಾಲ್ ಕೂಡ ಹಾಗೆಯೇ: ಗರ್ಭಿಣಿಯಲ್ಲಿ ಏರಿರಬೇಕಾದದ್ದು ಈಕೆಯಲ್ಲಿ ನೂರರ ಒಳಗಿತ್ತು. ಪರೀಕ್ಷೆಗೆ ನೂರು ರೂಪಾಯಿಯೂ ಖರ್ಚಾಗದು, ಯಕೃತ್ತಿನ ತಯಾರಿಕೆ ನಿಂತಿದೆ ಎಂಬ ಸುಳಿವು ಸಿಗುತ್ತದೆ. ಒಂದೇ ಸಂಖ್ಯೆಯಿಂದ ತೀರ್ಪು ಕೊಡುವುದಿಲ್ಲ, ಸಾಕ್ಷಿಯಾಗಿ ಇಟ್ಟುಕೊಳ್ಳುತ್ತೇನೆ.

ಅದೇ ತಿಂಗಳು ಬಂದ ಇನ್ನೊಬ್ಬಳ ಹಾಳೆಯನ್ನು ತಜ್ಞರ ಮುಂದೆ ಪಕ್ಕದಲ್ಲಿಟ್ಟೆ. ಆಕೆಯ ಪ್ಲೇಟ್‌ಲೆಟ್ 62 ಸಾವಿರ, ಆರು ಗಂಟೆಯಲ್ಲಿ 40ಕ್ಕೆ ಇಳಿದಿತ್ತು. ಎಲ್‌ಡಿಎಚ್ ಸಾವಿರ ದಾಟಿತ್ತು, ಸ್ಮಿಯರ್ ತುಂಬ ಚೂರುಕಣ. ಆದರೂ ಪಿಟಿ 12.5, ಫೈಬ್ರಿನೋಜೆನ್ 400ರ ಹತ್ತಿರ, ಸಕ್ಕರೆ 88. ಪ್ಲೇಟ್‌ಲೆಟ್ ಇಷ್ಟು ಇಳಿದರೂ ಪಿಟಿ ಅಲುಗಲಿಲ್ಲ ಎಂದರೆ ಹೆಲ್ಪ್. ಪ್ಲೇಟ್‌ಲೆಟ್ ಅಷ್ಟಾಗಿ ಇಳಿಯದೆಯೇ ಪಿಟಿ ಇಮ್ಮಡಿಯಾದರೆ ಫ್ಯಾಟಿ ಲಿವರ್. ಎರಡೂ ಹಾಳೆಗಳನ್ನು ನೋಡಿದ ಮೇಲೆ ಅವರು, "ಹಾಗಾದರೆ ಕ್ರಯೋ ಹೇಳಿಬಿಡಿ, ಮೇಡಂ" ಎಂದರು. ಹಾಸನದಿಂದ ಕ್ರಯೋ, ಪ್ಲಾಸ್ಮಾ ಬಂದವು, ಡೆಕ್ಸ್‌ಟ್ರೋಸ್ ಓಡಿತು. ಬೆನ್ನಿಗೆ ಸೂಜಿ ಹಾಕುವ ಮಾತೇ ಇರಲಿಲ್ಲ, ಜನರಲ್ ಅನಸ್ತೇಸಿಯಾದಲ್ಲಿ ಸಿಸೇರಿಯನ್ ಆಯಿತು. ಕ್ರಿಯೇಟಿನಿನ್ ಏರಿದ್ದರಿಂದ, ಫಿಟ್ಸ್ ತಡೆಯಲು ಕೊಡುವ ಮೆಗ್ನೀಷಿಯಂ ಪ್ರಮಾಣವನ್ನೂ ತಗ್ಗಿಸಿದರು. ನಾಲ್ಕನೇ ದಿನದ ಹೊತ್ತಿಗೆ ಪಿಟಿ ಸಹಜಕ್ಕೆ ಬಂತು. ಹಳದಿ ಬಣ್ಣ ಮಾತ್ರ ನಿಧಾನವಾಗಿ ಇಳಿಯಿತು. ಮಗುವಿನ ಸಕ್ಕರೆಯನ್ನೂ ಕಾಯ್ದೆವು, ಏಕೆಂದರೆ ಕೆಲವು ಫ್ಯಾಟಿ ಲಿವರ್ ಕೇಸುಗಳಲ್ಲಿ ಮಗುವಿಗೇ ಕೊಬ್ಬು ಕರಗಿಸುವ ಎಂಜೈಮಿನ ಕೊರತೆ ಇರುತ್ತದೆ.

ಈ ವಿಧಾನ ಕೈಕೊಡುವ ಜಾಗಗಳೂ ಇವೆ. ಹೆಲ್ಪ್ ಜೊತೆ ಮಾಸು ಕಳಚಿ ರಕ್ತಸ್ರಾವವಾದರೆ ಫೈಬ್ರಿನೋಜೆನ್ ಕುಸಿದು ಫ್ಯಾಟಿ ಲಿವರ್‌ನಂತೆ ಕಾಣುತ್ತದೆ; ಆಗ ಸಕ್ಕರೆಯೂ ಹೊಟ್ಟೆಯ ಮೇಲಿನ ಕೈಯೂ ದಾರಿ ತೋರಿಸಬೇಕು. ಬೇಸಿಗೆಯಲ್ಲಿ ನಮ್ಮ ಮಲೆನಾಡಿನ ಮಂಗನ ಕಾಯಿಲೆಯೂ ಪ್ಲೇಟ್‌ಲೆಟ್ ಇಳಿಸಿ ಎಂಜೈಮ್ ಏರಿಸುತ್ತದೆ, ಆದರೆ ಅಲ್ಲಿ ಜ್ವರವಿರುತ್ತದೆ, ಬಿಳಿ ಕಣ ಸಾಮಾನ್ಯವಾಗಿ ತಗ್ಗಿರುತ್ತದೆ. ಹೆರಿಗೆಯಾಗಿ ಮೂರು ದಿನ ಕಳೆದರೂ ಪ್ಲೇಟ್‌ಲೆಟ್ ಏರದೆ ಎಲ್‌ಡಿಎಚ್ ಏರುತ್ತಲೇ ಇದ್ದರೆ ಇವೆರಡನ್ನೂ ಬಿಟ್ಟು, ಸಣ್ಣ ರಕ್ತನಾಳಗಳಲ್ಲಿ ಹೆಪ್ಪು ಕಟ್ಟುವ ಟಿಟಿಪಿಯನ್ನು ಹುಡುಕಬೇಕು. ಅಂಥ ಸ್ಯಾಂಪಲನ್ನು ಪ್ಲಾಸ್ಮಾ ಕೊಡುವ ಮೊದಲೇ ತೆಗೆದು ಫ್ರೀಜರ್‌ನಲ್ಲಿಟ್ಟು, ಟಿಟಿಪಿಯನ್ನು ಖಚಿತಪಡಿಸುವ ಎಡಿಎಎಂಟಿಎಸ್-13 ಪರೀಕ್ಷೆಗೆ ಬೆಂಗಳೂರಿಗೆ ಕಳುಹಿಸುತ್ತೇನೆ.